ಮರದ ಪುಡಿ, ಕಟ್‌ಪೀಸ್, ಭತ್ತದ ಹೊಟ್ಟಿನಿಂದ ಉರುವಲು ಬ್ರಿಕೆಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳು ಬೆಂಗಳೂರಿನ ಆಸುಪಾಸಿನಲ್ಲಿ ಒಂದು ಶೆಡ್ಡು, ಒಂದು 60 ಮಿ.ಮೀ. ಪಿಸ್ಟನ್ ಪ್ರೆಸ್ ಇಟ್ಟುಕೊಂಡು ಅಂಟು ಹಾಕದೆ ಬ್ರಿಕೆಟ್ ಒತ್ತುವವರಿಗೆ. ಯಂತ್ರ ಕೊಳ್ಳುವ ಮೊದಲು ಕೇಳುವವರಿಗಿಂತ, ಕೊಂಡ ಮೇಲೆ "ಬ್ರಿಕೆಟ್ ನಿಲ್ಲುತ್ತಿಲ್ಲ, ಪುಡಿಯಾಗುತ್ತಿದೆ" ಎಂದು ಕೇಳುವವರೇ ಹೆಚ್ಚು. ಹಾಗಾಗಿ ಇಲ್ಲಿನ ಮುಕ್ಕಾಲು ಪಾಲು ಮಾತು ತೇವಾಂಶದ್ದು.

ಅಂಟು ಏನೂ ಹಾಕದೆ ಪುಡಿ ಹೇಗೆ ಗಟ್ಟಿಯಾಗುತ್ತದೆ?

ಮರದಲ್ಲೇ ಅಂಟು ಇದೆ. ಮರದ ತೂಕದಲ್ಲಿ ಸುಮಾರು ಕಾಲು ಭಾಗ ಲಿಗ್ನಿನ್ ಎಂಬ ವಸ್ತು. ಪ್ರೆಸ್ಸಿನ ರ್ಯಾಮ್ ಪುಡಿಯನ್ನು ಮೊನಚಾಗುತ್ತ ಹೋಗುವ ಡೈ ಒಳಗೆ ತುರುಕಿದಾಗ, ಒತ್ತಡ ಮತ್ತು ತಿಕ್ಕಾಟದ ಬಿಸಿಗೆ ಈ ಲಿಗ್ನಿನ್ ಮೆತ್ತಗಾಗಿ ಕಣಗಳ ನಡುವೆ ಹರಡುತ್ತದೆ. ತಣಿದಾಗ ಮತ್ತೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಬ್ರಿಕೆಟ್ಟಿನ ಹೊರಮೈ ಕಂದು ಬಣ್ಣಕ್ಕೆ ತಿರುಗಿ ಹೊಳೆಯುವುದು ಇದರಿಂದಲೇ.

ಇಲ್ಲಿ ನೀರಿಗೆ ಎರಡು ಪಾತ್ರ. ಸ್ವಲ್ಪ ನೀರಿದ್ದರೆ ಲಿಗ್ನಿನ್ ಕಡಿಮೆ ಬಿಸಿಗೇ ಮೆತ್ತಗಾಗುತ್ತದೆ, ಬಿಸಿಯೂ ಒಳಗಿನ ತನಕ ಹಬ್ಬುತ್ತದೆ. ಜಾಸ್ತಿಯಾದರೆ ಅದೇ ನೀರು ಆವಿಯಾಗಿ, ಹೊರಬರಲು ದಾರಿ ಸಿಗದೆ ಬ್ರಿಕೆಟ್ಟನ್ನು ಒಳಗಿನಿಂದಲೇ ಸೀಳುತ್ತದೆ. ಪಿಸ್ಟನ್ ಪ್ರೆಸ್ಸಿಗೆ 8ರಿಂದ 12 ಶೇಕಡಾ ತೇವಾಂಶ ಸರಿ, 10ರ ಹತ್ತಿರ ಇದ್ದರೆ ನೆಮ್ಮದಿ. 6ಕ್ಕಿಂತ ಕೆಳಗೆ ಹೋದರೂ ಕೆಲಸ ಕೆಡುತ್ತದೆ: ಪುಡಿ ಹಿಡಿದುಕೊಳ್ಳುವುದಿಲ್ಲ, ಡೈ ಸುಡುತ್ತದೆ, ಮೋಟರಿಗೂ ಭಾರ.

ತೇವಾಂಶ ಅಳೆಯಲು ಮೀಟರ್ ತರಬೇಕಾ?

ಬಡಗಿಗಳ ಹತ್ತಿರ ಇರುವ ಎರಡು ಮುಳ್ಳಿನ ಮೀಟರ್ ಹಲಗೆಗೆ ಸರಿ, ಪುಡಿಗೆ ಅಲ್ಲ. ಪುಡಿ ಎಷ್ಟು ಸಡಿಲವಾಗಿದೆ ಎನ್ನುವುದರ ಮೇಲೆ ಅದರ ಅಂಕಿ ಬದಲಾಗುತ್ತದೆ. ಒಂದು ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ ಮತ್ತು ಕೇಕ್ ಬೇಯಿಸುವ ಸಣ್ಣ ಓವನ್ ಇದ್ದರೆ ಸಾಕು.

ರಾಶಿಯ ಐದು ಕಡೆಯಿಂದ ಪುಡಿ ತೆಗೆಯಿರಿ. ಎರಡು ಹಿಡಿಯಾದರೂ ರಾಶಿಯ ಒಳಗಿಂದ ಬರಲಿ, ಏಕೆಂದರೆ ಮೇಲ್ಪದರ ಯಾವಾಗಲೂ ಒಣಗಿದಂತೆ ಕಾಣುತ್ತದೆ. ಎಲ್ಲ ಬೆರೆಸಿ 100 ಗ್ರಾಂ ತೂಗಿ, ಅಗಲದ ತಟ್ಟೆಯಲ್ಲಿ ಹರಡಿ 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಿ. ಎರಡು ಗಂಟೆ ಬಿಟ್ಟು ತೂಗಿ, ಮತ್ತೆ ಅರ್ಧ ಗಂಟೆ ಇಟ್ಟು ತೂಗಿ. ತೂಕ ಇಳಿಯುವುದು ನಿಂತಾಗ 88 ಗ್ರಾಂ ಉಳಿದಿದ್ದರೆ ತೇವಾಂಶ 12 ಶೇಕಡಾ. ಇಷ್ಟೇ ಲೆಕ್ಕ.

ಮುಷ್ಟಿಯಲ್ಲಿ ಹಿಂಡಿ ನೋಡುವ ಪದ್ಧತಿ ಬೇಡದ್ದನ್ನು ತಳ್ಳಿಹಾಕಲು ಮಾತ್ರ ಉಪಯೋಗ. ಹಿಂಡಿ ಕೈ ಬಿಟ್ಟಾಗ ಉಂಡೆ ಹಾಗೇ ನಿಂತರೆ ಖಂಡಿತ ಹಸಿ. ಉಂಡೆ ಬಿಚ್ಚಿಕೊಂಡಿತು ಎಂದ ಮಾತ್ರಕ್ಕೆ ಒಣಗಿದೆ ಎನ್ನಲಾಗದು, 14 ಶೇಕಡಾ ಇರುವ ಪುಡಿಯೂ ಬಿಚ್ಚಿಕೊಳ್ಳುತ್ತದೆ.

ಬೆಂಗಳೂರಿನಲ್ಲಿ ಸಿಗುವ ಕಚ್ಚಾಮಾಲು ಹೇಗಿರುತ್ತದೆ?

ಮೂರು ಮೂಲ, ಮೂರು ಗುಣ. ಸಾ ಮಿಲ್ಲಿನ ಪುಡಿ ಹಸಿ ದಿಮ್ಮಿ ಕೊಯ್ದದ್ದು. ನೀಲಗಿರಿ, ಸಿಲ್ವರ್ ಓಕ್ ಹಸಿಯಾಗಿ ಕೊಯ್ದ ದಿನ 35 ಶೇಕಡಾ ನೀರು ಸಾಮಾನ್ಯ, ಅದಕ್ಕಿಂತ ಹೆಚ್ಚೂ ಇರಬಹುದು. ಪೀಣ್ಯ, ಬೊಮ್ಮಸಂದ್ರದ ಕಾರ್ಖಾನೆಗಳಿಂದ ಬರುವ ಪ್ಯಾಕಿಂಗ್ ಪೆಟ್ಟಿಗೆ, ಪ್ಯಾಲೆಟ್‌ನ ಪೈನ್ ಮರ ಒಣಗಿರುತ್ತದೆ. ಆದರೆ ತುಂಬ ಮೊಳೆ. ಮಂಡ್ಯ ಕಡೆಯ ರೈಸ್ ಮಿಲ್ಲುಗಳ ಭತ್ತದ ಹೊಟ್ಟು ಮಳೆಗೆ ಸಿಗದಿದ್ದರೆ 10 ಶೇಕಡಾ ಆಸುಪಾಸಿನಲ್ಲೇ ಇರುತ್ತದೆ. ಒಣಗಿಸುವ ಕೆಲಸವಿಲ್ಲ ಎನ್ನುವುದೇ ಅದರ ದೊಡ್ಡ ಲಾಭ.

ಹೊಟ್ಟು ಹಗುರ. ಲಾರಿ ತುಂಬಿ ಗೋಪುರದಷ್ಟು ಎತ್ತರ ಕಂಡರೂ ತೂಕಕ್ಕೆ ಹಾಕಿದರೆ ಕಡಿಮೆ. ಬಾಡಿಗೆಯನ್ನು ಲೋಡಿನ ಲೆಕ್ಕದಲ್ಲಿ ಅಲ್ಲ, ಕೆಜಿ ಲೆಕ್ಕದಲ್ಲಿ ಹಂಚಿ ನೋಡಿ. ಹಸಿ ಮರದ ಪುಡಿಯದು ಉಲ್ಟಾ ಮೋಸ: ತೂಕದ ಮೂರನೇ ಒಂದು ಭಾಗ ನೀರಿಗೇ ದುಡ್ಡು ಕೊಟ್ಟಿರುತ್ತೀರಿ.

ಇಂಟೀರಿಯರ್ ಕೆಲಸದವರು ಪ್ಲೈವುಡ್, ಎಂ.ಡಿ.ಎಫ್. ಚೂರು ಪುಕ್ಕಟೆ ಕೊಡುತ್ತಾರೆ. ಹಾಕಬಹುದಾ?

ಬೇಡ. ಈ ಊರಿನಲ್ಲಿ ಅದು ಧಾರಾಳವಾಗಿ ಸಿಗುತ್ತದೆ, ಪುಡಿಯೂ ಒಣಗಿರುತ್ತದೆ, ಬ್ರಿಕೆಟ್ಟೂ ಗಟ್ಟಿ ಬರುತ್ತದೆ. ಅದಕ್ಕೇ ಆಸೆ. ಆದರೆ ಅದರಲ್ಲಿರುವುದು ಫಾರ್ಮಾಲ್ಡಿಹೈಡ್ ರಾಳ. ಮೇಲೆ ಲ್ಯಾಮಿನೇಟ್, ಅಂಚಿನಲ್ಲಿ ಬಹುಪಾಲು ಪಿ.ವಿ.ಸಿ. ಪಟ್ಟಿ. ಪಿ.ವಿ.ಸಿ. ಸುಟ್ಟರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬರುತ್ತದೆ. ಬಾಯ್ಲರಿನ ಕೊಳವೆ ತಿನ್ನುತ್ತದೆ, ಒಲೆಯ ಮುಂದೆ ನಿಂತವರ ಗಂಟಲನ್ನೂ ಬಿಡುವುದಿಲ್ಲ. ಪೇಂಟ್ ಬಳಿದ ಬಾಗಿಲು, ಗೆದ್ದಲಿಗೆ ಔಷಧಿ ಕುಡಿಸಿದ ಮರ, ಕಾಂಕ್ರೀಟ್ ಮೆತ್ತಿದ ಸೆಂಟ್ರಿಂಗ್ ಹಲಗೆಯನ್ನೂ ಗೇಟಿನಲ್ಲೇ ವಾಪಸ್ ಕಳಿಸಿ. ಇಂಟೀರಿಯರ್ ಅಂಗಡಿಯ ಗೋಣಿಚೀಲದಲ್ಲಿ ಬಂದ ಪುಡಿ ಒಂದೇ ಸಮ ನುಣ್ಣಗೆ, ಹತ್ತಿಯಂತೆ ಮೆತ್ತಗಿದ್ದರೆ ಅದು ಎಂ.ಡಿ.ಎಫ್. ಪುಡಿಯೇ.

ಕಟ್‌ಪೀಸನ್ನು ಎಷ್ಟು ಸಣ್ಣಗೆ ಮಾಡಬೇಕು?

60 ಮಿ.ಮೀ. ಡೈಗೆ 6 ಮಿ.ಮೀ. ಜರಡಿ ಹಾಕಿದ ಹ್ಯಾಮರ್ ಮಿಲ್ಲಿನಿಂದ ಬಂದ ಪುಡಿ ಸರಿ. ಅದಕ್ಕಿಂತ ದಪ್ಪದ ಚೂರು ಫೀಡರ್ ಸ್ಕ್ರೂನಲ್ಲಿ ಸೇತುವೆ ಕಟ್ಟಿಕೊಂಡು ನಿಂತುಬಿಡುತ್ತದೆ, ಒತ್ತಿದ ಮೇಲೂ ಹಿಗ್ಗಿ ಬಿರುಕು ಬಿಡಿಸುತ್ತದೆ. ಹಾಗೆಂದು ಎಲ್ಲವನ್ನೂ ಹಿಟ್ಟು ಮಾಡಬೇಡಿ. ಕೆಲವು ಕಣ ಉದ್ದ, ಕೆಲವು ನುಣುಪು ಇದ್ದಾಗ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಬರೀ ಸ್ಯಾಂಡಿಂಗ್ ಧೂಳು ಒತ್ತಿದರೆ ಗಾಳಿ ಸಿಕ್ಕಿಕೊಂಡು ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ.

ಮಿಲ್ಲಿಗೆ ಹಾಕುವ ಮುಂಚೆ ದೊಡ್ಡ ಮೊಳೆ ಕೀಳಿ. ಮಿಲ್ಲಿನಿಂದ ಬಂದ ಪುಡಿ ಪ್ರೆಸ್ಸಿಗೆ ಹೋಗುವ ದಾರಿಯಲ್ಲಿ ಆಯಸ್ಕಾಂತ ಇರಲೇಬೇಕು. ಅದನ್ನು ಪಾಳಿಗೊಮ್ಮೆ ಒರೆಸದಿದ್ದರೆ ಹಿಡಿದ ಮೊಳೆಯನ್ನೇ ಗೊಂಚಲಾಗಿ ಒಳಗೆ ಬಿಡುತ್ತದೆ. ಮೊಳೆ ಹ್ಯಾಮರಿಗೆ ಬಡಿದಾಗ ಏಳುವ ಕಿಡಿ ಧೂಳು ತುಂಬಿದ ಪೈಪಿನಲ್ಲಿ ಬೆಂಕಿಗೆ ಸಾಕು.

ಭತ್ತದ ಹೊಟ್ಟು ಎಷ್ಟು ಬೆರೆಸಬಹುದು?

ದೊಡ್ಡ ಯಂತ್ರಗಳಲ್ಲಿ ಬರೀ ಹೊಟ್ಟನ್ನೇ ಒತ್ತುವವರಿದ್ದಾರೆ. ಸಣ್ಣ ಪ್ರೆಸ್ಸಿನಲ್ಲಿ ಕಾಲು ಭಾಗದಲ್ಲಿ ನಿಲ್ಲಿಸುವುದು ಒಳ್ಳೆಯದು ಎನ್ನುವುದು ನಮ್ಮ ಅಭಿಪ್ರಾಯ. ಹೊಟ್ಟಿನ ಹೊರಮೈ ಸಿಲಿಕಾದಿಂದ ಗಡುಸಾಗಿದೆ, ಒತ್ತಿದರೆ ಸ್ಪ್ರಿಂಗಿನಂತೆ ವಾಪಸ್ ಬರುತ್ತದೆ. ಅರ್ಧದಷ್ಟನ್ನಾದರೂ ಮಿಲ್ಲಿನಲ್ಲಿ ಒಮ್ಮೆ ಒಡೆದು ಹಾಕಿದರೆ ಹಿಡಿತ ಎದ್ದು ಕಾಣುವಷ್ಟು ಸುಧಾರಿಸುತ್ತದೆ.

ಅದೇ ಸಿಲಿಕಾ ಕಬ್ಬಿಣವನ್ನೂ ತಿನ್ನುತ್ತದೆ. ವೇರ್ ರಿಂಗ್, ಟೇಪರ್ ಡೈ, ರ್ಯಾಮ್ ತುದಿ, ಫೀಡರ್ ಸ್ಕ್ರೂ ಎಲ್ಲವೂ ಬರೀ ಮರದ ಪುಡಿಗಿಂತ ಬೇಗ ಸವೆಯುತ್ತವೆ. ಯಂತ್ರಗಳು ಬಹುಪಾಲು ರಾಜ್‌ಕೋಟ್ ಕಡೆಯಿಂದ ಬರುವುದರಿಂದ ಒಂದು ಜೊತೆ ವೇರ್ ರಿಂಗ್, ಟೇಪರ್ ಡೈ ಶೆಡ್ಡಿನಲ್ಲೇ ಇಟ್ಟುಕೊಳ್ಳಿ. ಸವೆದಿದೆ ಎಂದು ತಿಳಿಯುವುದು ಆಂಪಿಯರ್ ಮೀಟರಿನಿಂದ: ಅದೇ ಮಾಲು, ಅದೇ ತೇವಾಂಶ, ಆದರೆ ವಾರದಿಂದ ವಾರಕ್ಕೆ ಮೋಟರ್ ಎಳೆಯುವ ಕರೆಂಟ್ ಇಳಿಯುತ್ತಿದೆ, ಬ್ರಿಕೆಟ್ಟೂ ಹಗುರವಾಗುತ್ತಿದೆ ಎಂದರೆ ಡೈ ಸವೆದು ತಡೆ ಕಡಿಮೆಯಾಗಿದೆ. ಕ್ಲ್ಯಾಂಪ್ ಬಿಗಿ ಮಾಡಿ ಕೆಲವು ದಿನ ಓಡಿಸಬಹುದು, ಆಮೇಲೆ ಬದಲಿಸಲೇಬೇಕು.

ಒಂದು ಟನ್ನಿಗೆ ಮಿಶ್ರಣದ ಲೆಕ್ಕ ಪೂರ್ತಿ ಮಾಡಿ ತೋರಿಸಿ.

ಸಾ ಮಿಲ್ ಪುಡಿ 500 ಕೆಜಿ (11 ಶೇಕಡಾ ತನಕ ಒಣಗಿಸಿದ್ದು), ಪ್ಯಾಲೆಟ್ ಮರದ ಪುಡಿ 250 ಕೆಜಿ (9 ಶೇಕಡಾ), ಹೊಟ್ಟು 250 ಕೆಜಿ (10 ಶೇಕಡಾ) ಎಂದಿಟ್ಟುಕೊಳ್ಳಿ. ನೀರು ಕ್ರಮವಾಗಿ 55, 22.5 ಮತ್ತು 25 ಕೆಜಿ, ಒಟ್ಟು 102.5. ಅಂದರೆ ಮಿಶ್ರಣದ ತೇವಾಂಶ 10 ಶೇಕಡಾಕ್ಕಿಂತ ಕೂದಲೆಳೆ ಹೆಚ್ಚು. ಪ್ರೆಸ್ಸಿಗೆ ಸರಿಹೊಂದುತ್ತದೆ.

ಈಗ ಹಿಂದಕ್ಕೆ ಹೋಗೋಣ. ಆ 500 ಕೆಜಿಯಲ್ಲಿ ಒಣ ಮರ 445 ಕೆಜಿ. ಮಿಲ್ಲಿನಲ್ಲಿ ಪುಡಿ 35 ಶೇಕಡಾ ಹಸಿಯಾಗಿ ಸಿಕ್ಕಿದ್ದರೆ ಅದರ ಒಂದು ಕೆಜಿಯಲ್ಲಿ ಒಣ ಮರ 650 ಗ್ರಾಂ ಮಾತ್ರ. 445ನ್ನು 0.65ರಿಂದ ಭಾಗಿಸಿದರೆ 685 ಕೆಜಿ. ನೀವು ಕೊಳ್ಳಬೇಕಾದದ್ದು 685, ಬಿಸಿಲಿಗೆ ಹಾರಿಸಬೇಕಾದ ನೀರು 185 ಕೆಜಿ. ಚದರ ಮೀಟರಿಗೆ 6 ಕೆಜಿಯಂತೆ, ಅಂದರೆ ಸುಮಾರು ಎರಡು ಬೆರಳು ದಪ್ಪಕ್ಕೆ ಹರಡಿದರೆ ಇದಕ್ಕೆ 114 ಚದರ ಮೀಟರ್ ಬೇಕು. ಒಂದು ಮೂವತ್ತು-ನಲವತ್ತು ಸೈಟು 111 ಚದರ ಮೀಟರ್. ಒಂದು ಟನ್ ಬ್ರಿಕೆಟ್ಟಿಗೆ ಒಂದು ಇಡೀ ಸೈಟಿನಷ್ಟು ಒಣಗಿಸುವ ಕಣ ಬೇಕು ಎನ್ನುವುದು ಯಂತ್ರ ನೋಡಲು ಹೋದವರಿಗೆ ಹೊಳೆಯುವುದೇ ಇಲ್ಲ.

ಬೂದಿಯ ಲೆಕ್ಕ: ತೊಗಟೆ, ಮಣ್ಣು ಇಲ್ಲದ ಮರದ ಪುಡಿಯಲ್ಲಿ ಸುಮಾರು 1 ಶೇಕಡಾ, ಹೊಟ್ಟಿನಲ್ಲಿ ಸುಮಾರು 18. ಹಾಗಾಗಿ 7.5 ಮತ್ತು 45 ಸೇರಿ ಟನ್ನಿಗೆ 52.5 ಕೆಜಿ ಬೂದಿ. ಶಾಖ ಮರದ ಪುಡಿಗೆ ಕೆಜಿಗೆ 4,200, ಹೊಟ್ಟಿಗೆ 3,200 ಕಿಲೋಕ್ಯಾಲೊರಿ ಹಿಡಿದರೆ ಮಿಶ್ರಣಕ್ಕೆ 3,950ರ ಆಸುಪಾಸು. ಗಿರಾಕಿಗೆ ಈ ಎರಡು ಅಂಕಿಯನ್ನು ಮೊದಲೇ ಹೇಳಿ.

ಒಣ ಹೊಟ್ಟು ಜಾಸ್ತಿ ಹಾಕಿ ಹಸಿ ಪುಡಿಯನ್ನು ಸರಿದೂಗಿಸಬಹುದಲ್ಲ?

ಕಾಗದದ ಮೇಲೆ ಸರಿ. 16 ಶೇಕಡಾ ಪುಡಿ 250 ಕೆಜಿ, 8 ಶೇಕಡಾ ಮಾಲು 750 ಕೆಜಿ ಬೆರೆಸಿದರೆ ಸರಾಸರಿ ನಿಖರವಾಗಿ 10. ತಕ್ಷಣ ಒತ್ತಿ ನೋಡಿ, ಬಿರುಕು. ಡೈಗೆ ಸರಾಸರಿ ಗೊತ್ತಿಲ್ಲ. ಆ ಕ್ಷಣ ರ್ಯಾಮಿನ ಮುಂದೆ ಬಂದ ಹಿಡಿ ಪುಡಿ ಮಾತ್ರ ಗೊತ್ತು. ಆ ಹಿಡಿ ಹಸಿಯಾಗಿದ್ದರೆ ಅಲ್ಲಿ ಆವಿ. ಒಂದು ಕಣದಿಂದ ಇನ್ನೊಂದಕ್ಕೆ ತೇವ ಹರಿಯಲು ಹೊತ್ತು ಬೇಕು. ಬೆರೆಸಿ ರಾಶಿ ಹಾಕಿ, ಟಾರ್ಪಾಲು ಮುಚ್ಚಿ ಒಂದು ರಾತ್ರಿ ಬಿಡಿ, ಬೆಳಿಗ್ಗೆ ಸಲಿಕೆಯಲ್ಲಿ ಒಮ್ಮೆ ತಿರುವಿ, ಮತ್ತೆ ಅಳೆದು ಒತ್ತಿ. ಹಾಗೆ ಮಾಡಿದರೂ ಹಸಿ ಭಾಗ 16ಕ್ಕಿಂತ ಮೇಲಿದ್ದರೆ ಈ ದಾರಿಯನ್ನು ನಾವು ಹೇಳುವುದಿಲ್ಲ.

ಮಳೆಗಾಲದಲ್ಲಿ ಏನು ಮಾಡಬೇಕು?

ಫೆಬ್ರವರಿಯಿಂದ ಏಪ್ರಿಲ್ ತನಕ ಕಾಂಕ್ರೀಟ್ ಕಣದಲ್ಲಿ ಹರಡಿ, ಗಂಟೆಗೊಮ್ಮೆ ಕುಂಟೆಯಲ್ಲಿ ಎಳೆದರೆ ಒಂದೆರಡು ದಿನದಲ್ಲಿ ಒಣಗುತ್ತದೆ. ಸಂಜೆ ಎಳೆದು ಮುಚ್ಚಲೇಬೇಕು, ಇಲ್ಲಿನ ಏಪ್ರಿಲ್ ಮಳೆ ಹೇಳಿ ಬರುವುದಿಲ್ಲ. ಆಗಸ್ಟ್‌ನಿಂದ ಅಕ್ಟೋಬರ್ ತನಕ ಬಿಸಿಲನ್ನು ನಂಬಿ ಆರ್ಡರ್ ಒಪ್ಪಿಕೊಳ್ಳಬೇಡಿ. ಆ ತಿಂಗಳುಗಳಿಗೆ ಎರಡು ದಾರಿ: ಬೇಸಿಗೆಯಲ್ಲೇ ಒಣಗಿಸಿ ಶೀಟಿನಡಿ ಕೂಡಿಡುವುದು, ಅಥವಾ ಆ ಕಾಲಕ್ಕೆ ಪ್ಯಾಲೆಟ್ ಮರದ ಪಾಲನ್ನು ಮುಕ್ಕಾಲಿಗೆ ಏರಿಸಿ ಹಸಿ ಪುಡಿ ಕೈಬಿಡುವುದು. ಬಿಸಿಗಾಳಿಯ ಡ್ರೈಯರ್ ಇದೆ, ಆದರೆ ಒಲೆಯಿಂದ ಕಿಡಿ ಒಳಗೆ ಹೋಗದಂತೆ ಕಟ್ಟುವುದು ಪಳಗಿದವರ ಕೆಲಸ.

ಹಸಿ ಪುಡಿಯನ್ನು ಎತ್ತರಕ್ಕೆ ಗುಡ್ಡೆ ಹಾಕಿ ವಾರಗಟ್ಟಲೆ ಬಿಡಬೇಡಿ. ಒಳಗೆ ಕೊಳೆತು ಬಿಸಿ ಏರುತ್ತದೆ. ಒಂದು ಕಬ್ಬಿಣದ ಸರಳನ್ನು ರಾಶಿಯ ನಡುವಿಗೆ ಚುಚ್ಚಿ, ಹದಿನೈದು ನಿಮಿಷ ಬಿಟ್ಟು ಎಳೆದು ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಿದ್ದರೆ ಅವತ್ತೇ ಬಿಚ್ಚಿ ಹರಡಿ.

ಬ್ರಿಕೆಟ್ ನೋಡಿ ತಪ್ಪು ಕಂಡುಹಿಡಿಯುವುದು ಹೇಗೆ?

ಮೊದಲು ಡೈ ಬಾಯಿ ನೋಡಿ. ಬಿಳಿ ಆವಿ ಬುಸುಗುಟ್ಟುತ್ತ ಬಂದರೆ ಹಸಿ. ನೀಲಿ ಹೊಗೆ, ಸೀದ ವಾಸನೆ, ಮೈ ಕಪ್ಪಗಾಗಿದ್ದರೆ ಪುಡಿ ತೀರಾ ಒಣಗಿದೆ ಅಥವಾ ಕ್ಲ್ಯಾಂಪ್ ಅತಿ ಬಿಗಿಯಾಗಿದೆ. ತೆಳುವಾಗಿ ಆವಿಯಾಡುತ್ತ, ಕಂದು ಮೈಯೊಂದಿಗೆ ಸಮನಾಗಿ ಜಾರಿ ಬಂದರೆ ಬಿಡಿ, ಹಾಗೇ ಓಡಲಿ.

ಆಮೇಲೆ ಬಿರುಕು. ಪಿಸ್ಟನ್ ಪ್ರೆಸ್ಸಿನಲ್ಲಿ ರ್ಯಾಮಿನ ಒಂದೊಂದು ಹೊಡೆತಕ್ಕೂ ಒಂದೊಂದು ಬಿಲ್ಲೆ ಸೇರುತ್ತದೆ, ಆದ್ದರಿಂದ ಅಡ್ಡಗೆರೆ ಕಾಣುವುದು ಸಹಜ. ಕೈಯಲ್ಲಿ ಬಗ್ಗಿಸಿದಾಗ ಬಿಲ್ಲೆಗಳು ಒಂದೊಂದಾಗಿ ಕಳಚಿಕೊಂಡರೆ ಮಾತ್ರ ತೊಂದರೆ: ಕ್ಲ್ಯಾಂಪ್ ಸಡಿಲ, ಡೈ ಇನ್ನೂ ಬಿಸಿಯಾಗಿಲ್ಲ, ಅಥವಾ ಧೂಳು ಜಾಸ್ತಿ. ಉದ್ದಕ್ಕೆ ಸೀಳು ಬಿಟ್ಟಿದ್ದರೆ ಬಹುತೇಕ ನೀರಿನದೇ ಕೆಲಸ.

ಕೊನೆಗೆ ಬಕೆಟ್. ತಣ್ಣಗಾದ ತುಂಡನ್ನು ನೀರಿಗೆ ಹಾಕಿ, ಮುಳುಗಬೇಕು. ತೇಲಿದರೆ ಸಾಂದ್ರತೆ ನೀರಿಗಿಂತ ಕಡಿಮೆ, ಸಾಗಣೆಯಲ್ಲಿ ಪುಡಿಯಾಗುತ್ತದೆ. ತೂಕದಿಂದಲೂ ನೋಡಬಹುದು: 60 ಮಿ.ಮೀ. ದಪ್ಪದ ತುಂಡನ್ನು 10 ಸೆಂ.ಮೀ. ಉದ್ದಕ್ಕೆ ಕತ್ತರಿಸಿದರೆ 310 ಗ್ರಾಂ ಹತ್ತಿರ ತೂಗಬೇಕು, 280 ಗ್ರಾಂ ಎಂದರೆ ತೇಲುವ ಗಡಿ.

ಬೆಳಿಗ್ಗೆ ಶುರು ಮಾಡಿದಾಗ ಮೊದಲ ಬ್ರಿಕೆಟ್ಟುಗಳು ಪುಡಿಯಾಗುತ್ತವೆ. ಯಂತ್ರ ಕೆಟ್ಟಿದೆಯಾ?

ಇಲ್ಲ, ಡೈ ತಣ್ಣಗಿದೆ. ಹೊಟ್ಟು ಬೆರೆಸದ ನುಣುಪು ಮರದ ಪುಡಿಯನ್ನು ನಿಧಾನವಾಗಿ ಬಿಟ್ಟು, ತಿಕ್ಕಾಟಕ್ಕೆ ಡೈ ಬಿಸಿಯಾಗುವ ತನಕ ಕಾಯಿರಿ. ಆಗ ಬಂದ ಪುಡಿಯನ್ನು ಮತ್ತೆ ಮಿಲ್ಲಿಗೆ ಹಾಕಬಹುದು. ಸಂಜೆ ನಿಲ್ಲಿಸುವಾಗ ಫೀಡ್ ಮೊದಲು ನಿಲ್ಲಿಸಿ, ಆಮೇಲೆ ಮೋಟರ್, ನಂತರ ಡೈ ಕ್ಲ್ಯಾಂಪ್ ಸ್ವಲ್ಪ ಸಡಿಲಿಸಿ. ಬಿಗಿಯಾಗಿ ಬಿಟ್ಟರೆ ಒಳಗೆ ಉಳಿದ ತುಂಡು ತಣಿದು ಕಚ್ಚಿಕೊಂಡು ಮರುದಿನ ಜಾಮ್ ಆಗುತ್ತದೆ.

ಅಪಾಯ ಎಲ್ಲಿದೆ?

ಡೈ ಬಾಯಿಯ ನೇರಕ್ಕೆ ಯಾರೂ ನಿಲ್ಲಬಾರದು. ಹಸಿ ಪುಡಿ ಸಿಕ್ಕಿಕೊಂಡು ಆವಿ ಒತ್ತಡ ಏರಿದರೆ ಬ್ರಿಕೆಟ್ ಜೋರಾಗಿ ಸಿಡಿದು ಬರುತ್ತದೆ. ಬ್ರಿಕೆಟ್ ತಣಿಯುತ್ತ ಸಾಗುವ ಕೂಲಿಂಗ್ ಲೈನ್ ಇರುವುದು ಇದಕ್ಕೂ ಹೌದು, ಆದರೆ ಅದರ ತುದಿಯೂ ಗೋಡೆಯ ಕಡೆಗಿರಲಿ, ದಾರಿಯ ಕಡೆಗಲ್ಲ. ಫ್ಲೈವ್ಹೀಲ್, ಬೆಲ್ಟಿಗೆ ಜಾಲರಿ ಇಲ್ಲದೆ ಓಡಿಸಬೇಡಿ. ಮೋಟರ್ ಆಫ್ ಆದ ಮೇಲೂ ಚಕ್ರ ಬಹಳ ಹೊತ್ತು ತಿರುಗುತ್ತದೆ, ಫೀಡರಿಗೆ ಕೈ ಹಾಕುವುದು ಅದು ಪೂರ್ತಿ ನಿಂತ ಮೇಲೆಯೇ.

ಮರದ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸೇರಿಸಿದೆ. ಕರವಸ್ತ್ರ ಕಟ್ಟಿಕೊಂಡರೆ ಸಾಲದು, ಎನ್-95 ಮಾಸ್ಕ್ ಬೇಕು. ತೊಲೆ, ಲೈಟು, ಸ್ವಿಚ್‌ಬೋರ್ಡಿನ ಮೇಲೆ ಕೂತ ಧೂಳನ್ನು ಒದ್ದೆ ಬಟ್ಟೆಯಿಂದಲೋ ವ್ಯಾಕ್ಯೂಮಿನಿಂದಲೋ ತೆಗೆಯಿರಿ. ಗಾಳಿ ಹೊಡೆದು ಎಬ್ಬಿಸಿದರೆ ಅದೇ ಸ್ಫೋಟಕ್ಕೆ ದಾರಿ.

ಕರೆಂಟು, ಲೈಸೆನ್ಸ್?

ಬೆಸ್ಕಾಂನ ತ್ರೀ ಫೇಸ್ ಕನೆಕ್ಷನ್ ಬೇಕು. ಪ್ರೆಸ್ಸು, ಮಿಲ್ಲು, ಫೀಡರ್ ಸೇರಿ ಲೋಡ್ ಎಷ್ಟು ಎಂದು ಯಂತ್ರದ ತಗಡಿನ ಮೇಲಿರುವ ಎಚ್.ಪಿ. ಕೂಡಿಸಿ ಅರ್ಜಿ ಹಾಕಿ, ಮಾರಾಟಗಾರ ಬಾಯಲ್ಲಿ ಹೇಳಿದ ಅಂಕಿಯ ಮೇಲೆ ಅಲ್ಲ. ಸ್ಥಳೀಯ ಸಂಸ್ಥೆಯ ಟ್ರೇಡ್ ಲೈಸೆನ್ಸ್, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಯ ವಿಚಾರವನ್ನು ಶೆಡ್ಡಿಗೆ ಅಡ್ವಾನ್ಸ್ ಕೊಡುವ ಮುಂಚೆ ವಿಚಾರಿಸಿ. ಈ ಯಂತ್ರದ ಸದ್ದು ವಸತಿ ಬೀದಿಗೆ ಹೊಂದುವುದಿಲ್ಲ.

ಗಿರಾಕಿ "ನಿಮ್ಮ ಬ್ರಿಕೆಟ್ ಉರಿಯುವುದಿಲ್ಲ" ಎನ್ನುತ್ತಾನೆ. ಯಾಕೆ?

ಕಟ್ಟಿಗೆಯಿಂದ ಬ್ರಿಕೆಟ್ಟಿಗೆ ಬದಲಾದ ಒಲೆಗಳಲ್ಲಿ ಈ ದೂರು ಸಾಮಾನ್ಯ. ರಾಮನಗರ, ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಒಲೆಯಾಗಲಿ, ಕಲ್ಯಾಣ ಮಂಟಪದ ಅಡುಗೆ ಒಲೆಯಾಗಲಿ, ನೆಲದ ಮೇಲೆ ಕಟ್ಟಿಗೆ ಜೋಡಿಸಿ ಉರಿಸಲು ಕಟ್ಟಿದ್ದರೆ ಬ್ರಿಕೆಟ್ಟಿಗೆ ಕೆಳಗಿನಿಂದ ಗಾಳಿ ಸಿಗುವುದಿಲ್ಲ. ಸರಳಿನ ಜಾಲರಿ ಹಾಕಿಸಿ, ಕೆಳಗೆ ಬೂದಿಗುಂಡಿ ಬಿಡಿಸಿ. 10 ಸೆಂ.ಮೀ. ತುಂಡುಗಳನ್ನು ಸ್ವಲ್ಪ ಸ್ವಲ್ಪವೇ ಹಾಕಲು ಹೇಳಿ.

ಹೊಟ್ಟು ಬೆರೆತ ಬ್ರಿಕೆಟ್ಟಿನ ಬೂದಿಯದೇ ಒಂದು ಸ್ವಭಾವ ಇದೆ. ಸಿಲಿಕಾ ಕರಗದೆ ಹೊಟ್ಟಿನ ಆಕಾರದಲ್ಲೇ ನಿಂತು ಒಳಗಿನ ಕೆಂಡವನ್ನು ಮುಚ್ಚಿಬಿಡುತ್ತದೆ, ಹೊರಗೆ ಬೂದಿ ಕಂಡರೂ ಒಳಗೆ ಉರಿಯದ ಇದ್ದಿಲು ಉಳಿದಿರುತ್ತದೆ. ಆಗಾಗ ಸಲಾಕೆಯಿಂದ ಜಾಲರಿ ಕೆದಕಬೇಕು. ಕೆದಕುವ ಪುರುಸೊತ್ತಿಲ್ಲ ಎನ್ನುವ ಗಿರಾಕಿಗೆ ಹೊಟ್ಟಿಲ್ಲದ ಬ್ರಿಕೆಟ್ಟನ್ನೇ ಬೇರೆ ದರಕ್ಕೆ ಕೊಡಿ. ಅದಕ್ಕೂ ಮುಂಚೆ ಅವರ ಗೋದಾಮಿನ ನೆಲ ನೋಡಿ ಬನ್ನಿ: ಒದ್ದೆ ನೆಲದ ಮೇಲೆ ಒರಗಿಸಿಟ್ಟ ಚೀಲದ ಬ್ರಿಕೆಟ್ ನೀರು ಹೀರಿ, ಉಬ್ಬಿ ಮತ್ತೆ ಪುಡಿಯೇ ಆಗಿರುತ್ತದೆ. ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರ ಇಡಿಸಿ.